ಎರಡು ಛಾಯಾಚಿತ್ರಗಳನ್ನು ಕೂಡಿಸುವ ಮುನ್ನ

ಏಳನೆಯ ತರಗತಿಯ ಬೀಳ್ಕೊಡುಗೆಯ ದಿನ ಜ್ವರದಿಂದ ಬಾರದಿದ್ದ ಒಬ್ಬ ಬಾಲಕನನ್ನು ಶಾಲಾ ಸಂಚಿಕೆಯ ಗುಂಪುಚಿತ್ರದಲ್ಲಿ ಸೇರಿಸಬೇಕಾಯಿತೆನ್ನಿ. ಸ್ಟುಡಿಯೋದಲ್ಲಿ ತೆಗೆಸಿದ ಅವನ ಚಿತ್ರವನ್ನು ಕತ್ತರಿಸಿ ಬಲತುದಿಯಲ್ಲಿ ಅಂಟಿಸಿದಾಗ ಅಳತೆಯೂ ಬಣ್ಣವೂ ಹೊಂದಿದವು. ಆದರೂ ಬಾಲಕನು ಹೊರಗಿನವನಂತೆಯೇ ಕಂಡನು. ಇದರ ಕಾರಣವನ್ನು ಚಿತ್ರದ ಕಡತದಲ್ಲಿಯೇ ಓದಬಹುದು.

ಕ್ಯಾಮೆರಾ ತಾನು ತೆಗೆದ ಪ್ರತಿ ಚಿತ್ರದೊಡನೆ ಕೆಲವು ವಿವರಗಳನ್ನು ದಾಖಲಿಸುತ್ತದೆ. ಕಂಪ್ಯೂಟರಿನಲ್ಲಿ ಕಡತದ Properties ತೆರೆದು Details ಪುಟವನ್ನು ನೋಡಿದರೆ ಅವು ದೊರೆಯುತ್ತವೆ. ನಮ್ಮ ಎರಡು ಚಿತ್ರಗಳಲ್ಲಿ ಕಂಡದ್ದು ಹೀಗೆ:

ಗುಂಪುಚಿತ್ರ (ಮೊಬೈಲ್): Focal length 5.4 mm, 35mm focal length 26, F-stop f/1.8
ಬಾಲಕನ ಚಿತ್ರ (ಕ್ಯಾಮೆರಾ): Focal length 50 mm, 35mm focal length 75, F-stop f/1.8

ಮೊದಲನೆಯ ಸಂಖ್ಯೆ ಮಸೂರದ ನಿಜವಾದ ಸಂಗಮದೂರ. ಸಂವೇದಕಗಳ ಗಾತ್ರ ಬೇರೆಬೇರೆಯಾದುದರಿಂದ 5.4 ಮತ್ತು 50ನ್ನು ನೇರವಾಗಿ ಹೋಲಿಸಲಾಗದು. ಹೋಲಿಸಬೇಕಾದುದು 26 ಮತ್ತು 75ನ್ನು. ಮೊದಲನೆಯದು ವಿಶಾಲ ನೋಟ, ಎರಡನೆಯದು ಕಿರಿದಾದ ನೋಟ.

ಇಲ್ಲೊಂದು ತಪ್ಪುಗ್ರಹಿಕೆಯನ್ನು ತಿದ್ದಿಕೊಳ್ಳಬೇಕು. ಮುಖದ ಪ್ರಮಾಣಗಳನ್ನು ನಿರ್ಧರಿಸುವುದು ಸಂಗಮದೂರವಲ್ಲ, ಕ್ಯಾಮೆರಾ ನಿಂತ ದೂರ. ಸ್ಟುಡಿಯೋ ಚಿತ್ರವನ್ನು ಒಂದೂವರೆ ಮೀಟರಿನಿಂದ ತೆಗೆದಿತ್ತು. ಗುಂಪುಚಿತ್ರವನ್ನು ನಾಲ್ಕು ಮೀಟರಿನಿಂದ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಮೂಗು ಮುಂದಾಗಿ, ಕಿವಿಗಳು ಹಿಂದೆ ಸರಿದಂತಿರುತ್ತವೆ. ಚಿತ್ರವನ್ನು ಕುಗ್ಗಿಸಿದರೂ ಈ ಪ್ರಮಾಣ ಬದಲಾಗದು. ಇದಲ್ಲದೆ ವಿಶಾಲ ನೋಟದ ಚಿತ್ರದಲ್ಲಿ ಅಂಚಿನಲ್ಲಿರುವವರ ಮುಖಗಳು ಹೊರಮುಖವಾಗಿ ತುಸು ಹಿಗ್ಗುತ್ತವೆ. ನಡುವೆ ನಿಲ್ಲಿಸಿ ತೆಗೆದ ಬಾಲಕನ ಮುಖದಲ್ಲಿ ಆ ಹಿಗ್ಗು ಇರಲಿಲ್ಲ.

ಎರಡರಲ್ಲಿಯೂ f/1.8 ಎಂದಿರುವುದೂ ಮೋಸಗೊಳಿಸುತ್ತದೆ. ಸಂಗಮದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕಿನ ದ್ವಾರದ ವ್ಯಾಸ ದೊರೆಯುತ್ತದೆ: ಮೊಬೈಲಿನಲ್ಲಿ 3 ಮಿ.ಮೀ., ಕ್ಯಾಮೆರಾದಲ್ಲಿ ಸುಮಾರು 28 ಮಿ.ಮೀ. ಆದುದರಿಂದಲೇ ಬಾಲಕನ ಕಣ್ಣು ಸ್ಪಷ್ಟವಾಗಿದ್ದು, ಕಿವಿ ಮತ್ತು ಭುಜಗಳ ಅಂಚು ಮಸುಕಾಗಿದ್ದವು. ಗುಂಪಿನಲ್ಲಿ ಎಲ್ಲರೂ ಸ್ಪಷ್ಟವಾಗಿದ್ದರು.

ಪರಿಹಾರವೆಂದರೆ ಬಾಲಕನ ಚಿತ್ರವನ್ನು ಮತ್ತೆ ತೆಗೆಯುವುದು. ಅದೇ ಜಗಲಿಯಲ್ಲಿ, ಅದೇ ಹೊತ್ತಿನಲ್ಲಿ, ಅದೇ ಮೊಬೈಲನ್ನು ನಾಲ್ಕು ಮೀಟರ್ ದೂರದಲ್ಲಿ ಅದೇ ಎತ್ತರಕ್ಕೆ ಹಿಡಿದು, ಬಾಲಕನನ್ನು ಚೌಕಟ್ಟಿನ ಬಲತುದಿಯಲ್ಲಿಯೇ ನಿಲ್ಲಿಸಬೇಕು. ಮೊಬೈಲ್ ದೊರೆಯದಿದ್ದರೆ ಆ ಕ್ಯಾಮೆರಾದಲ್ಲಿ 18 ಮಿ.ಮೀ. ಮಸೂರವನ್ನು f/5.6ಕ್ಕೆ ಇಡಬೇಕು. ಆಗ ಸಮಾನ ಸಂಗಮದೂರ 27, ದ್ವಾರ 3.2 ಮಿ.ಮೀ.; ಎರಡೂ ಮೊಬೈಲಿನದಕ್ಕೆ ಬಹು ಸಮೀಪ. ಆದರೂ ಮಸೂರದ ಬಾಗು ಉಳಿಯಬಹುದು. ಅಂಚಿನಲ್ಲಿರುವ ಕಂಬ ನೆಟ್ಟಗಿದೆಯೇ ಎಂದು ಎರಡೂ ಚಿತ್ರಗಳಲ್ಲಿ ನೋಡಿದರೆ ಅದು ತಿಳಿಯುತ್ತದೆ.

ಈ ದಾಖಲೆಗೂ ಮಿತಿಗಳುಂಟು. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಈ ವಿವರಗಳು ಅಳಿಯುತ್ತವೆ. ಆದ್ದರಿಂದ ಮೂಲ ಕಡತವನ್ನೇ ಡಾಕ್ಯುಮೆಂಟ್ ಆಗಿ ಪಡೆಯಬೇಕು. ಅಂಚು ಕತ್ತರಿಸಿದ ಚಿತ್ರದಲ್ಲಿ ಹಳೆಯ ಸಂಖ್ಯೆಯೇ ಉಳಿದಿರಬಹುದು. Dimensions ಸಾಲಿನ ಅಳತೆ ಮೊಬೈಲಿನ ಬೇರೆ ಚಿತ್ರಗಳಿಗಿಂತ ಕಡಿಮೆಯಿದ್ದರೆ ಸಂಶಯಿಸಬೇಕು. ದೂರವಂತೂ ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಚಿತ್ರ ತೆಗೆದ ದಿನವೇ ಹೆಜ್ಜೆಯಿಂದಳೆದು ಬರೆದಿಡುವುದು ಲೇಸು. ಸಂಚಿಕೆಯಲ್ಲಿ ಚಿತ್ರದ ಕೆಳಗೆ, ಬಲತುದಿಯ ವಿದ್ಯಾರ್ಥಿಯನ್ನು ಅನಂತರ ಸೇರಿಸಲಾಗಿದೆ ಎಂಬ ಒಂದು ಸಾಲನ್ನೂ ಮುದ್ರಿಸತಕ್ಕದ್ದು.