ಪಾಸ್‌ವರ್ಡ್ ಸರಿಯಿದ್ದರೂ ಫೋನ್ ಮತ್ತೆ ಮತ್ತೆ ಕೇಳುವುದೇಕೆ?

ಹುಬ್ಬಳ್ಳಿಯ ಲೆಕ್ಕಪರಿಶೋಧನಾ ಕಚೇರಿಯ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಿ. ಕಚೇರಿಯ ಮೇಲ್ ಮೈಕ್ರೋಸಾಫ್ಟ್ 365ರಲ್ಲಿದೆ. ಹಳೆಯ ಫೋನಿನಲ್ಲಿ ಎಂದೋ ಮಾಡಿಟ್ಟ ಸೆಟ್ಟಿಂಗನ್ನು ನೋಡಿಕೊಂಡು ಹೊಸ ಫೋನಿನಲ್ಲೂ ಅಕ್ಷರಶಃ ಹಾಗೆಯೇ ತುಂಬಿದ್ದಾರೆ: ಬಗೆ ಐಮ್ಯಾಪ್, ಸರ್ವರ್ outlook.office365.com, ಪೋರ್ಟ್ 993. ಕೊನೆಗೆ ಪಾಸ್‌ವರ್ಡ್. ಎರಡು ಕ್ಷಣ ಚಕ್ರ ತಿರುಗಿ, ಪಾಸ್‌ವರ್ಡ್ ತಪ್ಪು ಎಂಬ ಪೆಟ್ಟಿಗೆ. ಮತ್ತೆ ಹಾಕಿದರೆ ಮತ್ತೆ ಅದೇ ಪೆಟ್ಟಿಗೆ. ಕಂಪ್ಯೂಟರಿನಲ್ಲಿ ಮಾತ್ರ ಅದೇ ಪಾಸ್‌ವರ್ಡ್ ಸಲೀಸಾಗಿ ನಡೆಯುತ್ತಿದೆ.

ಅವರು ಬರೆದ ಒಂದು ಅಕ್ಷರವೂ ತಪ್ಪಿಲ್ಲ. ಬದಲಾಗಿರುವುದು ಸರ್ವರಿನ ನಿಯಮ.

ಮೇಲ್ ಸರ್ವರಿನ ಜೊತೆ ಫೋನ್ ಮಾತಾಡಲು ಕೆಲವು ಪದ್ಧತಿಗಳಿವೆ. ಇವನ್ನೇ ಪ್ರೊಟೊಕಾಲ್ ಎನ್ನುತ್ತಾರೆ. ಪಾಪ್ ಎಂಬುದು ಎಲ್ಲಕ್ಕಿಂತ ಸರಳ: ಸರ್ವರಿನಲ್ಲಿರುವ ಪತ್ರವನ್ನು ಫೋನಿಗೆ ಇಳಿಸಿಕೊಳ್ಳುವುದು, ಅಷ್ಟೆ. ಫೋನಿನಲ್ಲಿ ಓದಿದ್ದು ಕಂಪ್ಯೂಟರಿಗೆ ತಿಳಿಯುವುದಿಲ್ಲ. ಐಮ್ಯಾಪ್‌ನಲ್ಲಿ ಪತ್ರದ ಮೂಲ ಸರ್ವರಿನಲ್ಲೇ ಉಳಿಯುತ್ತದೆ. ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಎಕ್ಸ್‌ಚೇಂಜ್ ಬಗೆಯಲ್ಲಿ ಮೇಲ್ ಜೊತೆಗೆ ಕ್ಯಾಲೆಂಡರ್, ವಿಳಾಸಪಟ್ಟಿಗಳೂ ಬರುತ್ತವೆ. ಇವೆಲ್ಲ ಒಳಬರುವ ದಾರಿಗಳಾಯಿತು. ಪಾಪ್, ಐಮ್ಯಾಪ್ ಬಳಸುವವರ ಪತ್ರ ಹೊರಹೋಗುವುದಕ್ಕೆ ಎಸ್‌ಎಂಟಿಪಿ ಎಂಬ ಬೇರೆಯದೇ ದಾರಿ ಇದೆ.

ಬಹುಕಾಲ ಈ ಎಲ್ಲ ದಾರಿಗಳಲ್ಲೂ ಫೋನ್ ಪಾಸ್‌ವರ್ಡನ್ನು ತನ್ನಲ್ಲೇ ಇಟ್ಟುಕೊಂಡು, ಮೇಲ್ ಬಂದಿದೆಯೇ ಎಂದು ಕೇಳಿದಾಗಲೆಲ್ಲ ಅದನ್ನು ಸರ್ವರಿಗೆ ಒಪ್ಪಿಸುತ್ತಿತ್ತು. ಕದ್ದವರಿಗೂ ಅದೊಂದೇ ಸಾಕಿತ್ತು. ಮೊಬೈಲಿಗೆ ಬರುವ ಒಟಿಪಿಯಂಥ ಎರಡನೇ ತಪಾಸಣೆಗೆ ಅಲ್ಲಿ ಜಾಗವೇ ಇರಲಿಲ್ಲ. 2022ರ ಅಕ್ಟೋಬರ್ 1ರಿಂದ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಪಾಪ್, ಐಮ್ಯಾಪ್ ಮತ್ತು ಆಕ್ಟಿವ್‌ಸಿಂಕ್‌ಗಳಿಗೆ ಈ ಕ್ರಮವನ್ನು ಹಂತಹಂತವಾಗಿ ನಿಲ್ಲಿಸಿತು. ಹೊಸ ಕ್ರಮದ ಹೆಸರು ಓಆತ್. ಇದರಲ್ಲಿ ಮೈಕ್ರೋಸಾಫ್ಟಿನದೇ ಲಾಗಿನ್ ಪುಟ ತೆರೆದುಕೊಳ್ಳುತ್ತದೆ. ಪಾಸ್‌ವರ್ಡ್ ಹೋಗುವುದು ಅಲ್ಲಿಗೆ. ತಪಾಸಣೆ ಮುಗಿದ ಮೇಲೆ ಮೇಲ್ ಆ್ಯಪ್‌ಗೆ ಸಿಗುವುದು ಟೋಕನ್ ಎಂಬ ಪ್ರವೇಶಪತ್ರ ಮಾತ್ರ.

ಹಾಗಾಗಿ ಗುಮಾಸ್ತರು ನೋಡಬೇಕಾದ್ದು ಪಾಸ್‌ವರ್ಡನ್ನು ಯಾರು ಕೇಳುತ್ತಿದ್ದಾರೆ ಎಂಬುದನ್ನು. ಫೋನಿನದೇ ಪುಟ್ಟ ಪೆಟ್ಟಿಗೆ ಕೇಳಿದರೆ ಅದು ಬಹುಮಟ್ಟಿಗೆ ಹಳೆಯ ಕ್ರಮ. ಅಲ್ಲಿ ನೂರು ಸಲ ಹಾಕಿದರೂ ಪ್ರಯೋಜನವಿಲ್ಲ. ಮೊದಲು ಫೋನಿನ ಬ್ರೌಸರಿನಲ್ಲಿ outlook.office.com ತೆರೆದು ಲಾಗಿನ್ ಆಗಬೇಕು. ಅಲ್ಲಿ ಮೇಲ್ ಕಂಡರೆ ಪಾಸ್‌ವರ್ಡ್ ಸರಿ ಎಂದಾಯಿತು. ಆಮೇಲೆ ಆ ಖಾತೆಯನ್ನು ಫೋನಿನಿಂದ ತೆಗೆದು, ಮತ್ತೆ ಸೇರಿಸುವಾಗ ಐಮ್ಯಾಪ್ ಬಿಟ್ಟು ಎಕ್ಸ್‌ಚೇಂಜ್ ಆರಿಸಿ, ಕೈಯಿಂದ ಸರ್ವರ್ ತುಂಬದೆ ಲಾಗಿನ್ ಪುಟ ಬರುವ ದಾರಿ ಹಿಡಿಯಬೇಕು. ಔಟ್‌ಲುಕ್ ಆ್ಯಪ್ ಹಾಕಿಕೊಂಡರೂ ಆದೀತು. ಐಮ್ಯಾಪ್, ಎಕ್ಸ್‌ಚೇಂಜ್ ಖಾತೆ ತೆಗೆದರೆ ಸರ್ವರಿನ ಪತ್ರಗಳಿಗೆ ಏನೂ ಆಗದು. ಪಾಪ್ ಆಗಿದ್ದರೆ ಎಚ್ಚರ: ಸರ್ವರಿನಲ್ಲಿ ಪ್ರತಿ ಉಳಿಸದಂತೆ ಹೊಂದಿಸಿದ್ದರೆ ಪತ್ರಗಳು ಇರುವುದು ಫೋನಿನಲ್ಲಿ ಮಾತ್ರ.

ಜಿಮೇಲ್ ಕೂಡ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಬರೀ ಪಾಸ್‌ವರ್ಡ್ ಒಪ್ಪಿಸುವ ಆ್ಯಪ್‌ಗಳನ್ನು ನಿಲ್ಲಿಸಿತು.

ಕಚೇರಿಯಲ್ಲಿ ಪಾಸ್‌ವರ್ಡ್ ಬದಲಿಸಿದ ದಿನ ಲಾಗಿನ್ ಪುಟ ಒಮ್ಮೆ ಬರುವುದು ಸಹಜ. ತೊಂದರೆ ಇರುವುದು ಇನ್ನೂ ಹಳೆಯ ಕ್ರಮದಲ್ಲೇ ನಡೆಯುವ, ಕಚೇರಿಯ ಸ್ವಂತ ಸರ್ವರುಗಳಲ್ಲಿ. ಮನೆಯಲ್ಲಿ ಮಕ್ಕಳ ಕೈಗೆ ಕೊಟ್ಟ ಹಳೆಯ ಟ್ಯಾಬ್‌ನಲ್ಲಿ ಖಾತೆ ಉಳಿದಿದ್ದರೆ, ಅದು ಹಳೆಯ ಪಾಸ್‌ವರ್ಡನ್ನೇ ಕಳಿಸುತ್ತ ಕೂರುತ್ತದೆ. ಯಾರೋ ಕಳ್ಳರು ಪ್ರಯತ್ನಿಸುತ್ತಿದ್ದಾರೆಂದು ಸರ್ವರ್ ಖಾತೆಗೆ ಬೀಗ ಹಾಕಬಹುದು. ಬೆಳಿಗ್ಗೆ ತೆರೆಸಿದ ಖಾತೆ ಮಧ್ಯಾಹ್ನ ಮತ್ತೆ ಮುಚ್ಚಿದರೆ ಅನುಮಾನ ಇಂಥ ಮರೆತ ಯಂತ್ರದ ಮೇಲೆ ಹೋಗಬೇಕು.

ಪಾಸ್‌ವರ್ಡ್ ಕೇಳದೆ, ಮೇಲ್ ಮಾತ್ರ ತಡವಾಗಿ ಬರುವುದು ಬೇರೆ ಕಾಯಿಲೆ. ಸರ್ವರ್ ತಾನೇ ಸುದ್ದಿ ಮುಟ್ಟಿಸುವುದು ಪುಶ್. ಫೋನ್ ಆಗಾಗ ಹೋಗಿ ವಿಚಾರಿಸುವುದು ಫೆಚ್. ಐಫೋನಿನಲ್ಲಿ ಫೆಚ್‌ನ ಅವಧಿಯನ್ನು 15 ನಿಮಿಷ, ಅರ್ಧ ಗಂಟೆ, ಒಂದು ಗಂಟೆ ಎಂದು ಇಡಬಹುದು. 'ಆಟೊಮ್ಯಾಟಿಕ್' ಎಂದಿಟ್ಟರೆ, ಚಾರ್ಜಿಗೆ ಹಾಕಿ ವೈಫೈ ಸಿಕ್ಕಾಗ ಮಾತ್ರ ಹಿನ್ನೆಲೆಯಲ್ಲಿ ತರುತ್ತದೆ. ಹೆಸರು ನಂಬಿ ಕೂತರೆ ಮೋಸ. ಲೋ ಪವರ್ ಮೋಡ್‌ನಲ್ಲೂ ಈ ವಿಚಾರಣೆ ನಿಲ್ಲುತ್ತದೆ. ಆಂಡ್ರಾಯ್ಡಿನಲ್ಲಾದರೆ ಬ್ಯಾಟರಿ ಉಳಿಸುವ ಸೆಟ್ಟಿಂಗ್ ಮೇಲ್ ಆ್ಯಪ್‌ನ ಕೈ ಕಟ್ಟಿರಬಹುದು. ಆ್ಯಪ್ ತೆರೆದ ಕೂಡಲೇ ಪತ್ರಗಳು ಒಟ್ಟಿಗೆ ಸುರಿದರೆ ಕಾರಣ ಹೆಚ್ಚಾಗಿ ಇದೇ. ಆ ಆ್ಯಪ್‌ಗೆ ಬ್ಯಾಟರಿ ನಿರ್ಬಂಧ ತೆಗೆದರೆ ಸಾಕು.

ಐಮ್ಯಾಪ್ ಖಾತೆಯಲ್ಲಿ ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ ಎಂದರೆ ಹೊರದಾರಿಯನ್ನು ನೋಡಬೇಕು. ಐಫೋನಿನಲ್ಲಿ ಹೊರಹೋಗುವ ಸರ್ವರಿನ ಬಳಕೆದಾರರ ಹೆಸರು, ಪಾಸ್‌ವರ್ಡ್ ಜಾಗದಲ್ಲಿ 'ಆಪ್ಷನಲ್' ಎಂದು ಬರೆದಿರುತ್ತದೆ. ಬಹುಪಾಲು ಕಚೇರಿಗಳ ಸರ್ವರಿಗೆ ಅದು ಕಡ್ಡಾಯ. ಖಾಲಿ ಬಿಟ್ಟವರ ಪತ್ರಗಳು ಔಟ್‌ಬಾಕ್ಸ್‌ನಲ್ಲೇ ಕೂತಿರುತ್ತವೆ. ಪಾಸ್‌ವರ್ಡ್ ತುಂಬಿ, ಪೋರ್ಟ್ 587 ಇದೆಯೇ ಎಂದು ಕಚೇರಿಯ ಐಟಿಯವರಲ್ಲಿ ಕೇಳಿಕೊಂಡರೆ ಹೊರಡುತ್ತವೆ.