ಕಾಡು ಮೊಲ, ಜಿಂಕೆ ಮಾಂಸದಲ್ಲಿ ಕೊಬ್ಬು ಕಡಿಮೆ ನಿಜ. ಆದರೆ ಮೇಕೆ ಮಾಂಸದಲ್ಲೂ ಅಷ್ಟೇ!

ಹರಿಯಬ್ಬೆ (ಹಿರಿಯೂರು ತಾ.): ಯುಗಾದಿಯ ಮರುದಿನದ ವರ್ಷತೊಡಕು ಹತ್ತಿರವಾಗುತ್ತಿದ್ದಂತೆ ಬಯಲುಸೀಮೆಯ ಈ ಭಾಗದಲ್ಲಿ ಒಂದು ಹಳೆಯ ಮಾತು ಮತ್ತೆ ಕೇಳಿಬರುತ್ತದೆ. ಕಾಡಿನ ಮಾಂಸದಲ್ಲಿ ಕೊಬ್ಬಿರುವುದಿಲ್ಲ, ಅದು ದೇಹಕ್ಕೆ ಒಳ್ಳೆಯದು, ಊರ ಮೇಕೆಗಾಗಲೀ ಫಾರಂ ಕೋಳಿಗಾಗಲೀ ಆ ರುಚಿಯಿಲ್ಲ ಎಂಬುದೇ ಆ ಮಾತು. ಬೆಂಗಳೂರು, ದಾವಣಗೆರೆಗಳಲ್ಲಿ ನೆಲೆಸಿರುವ ಊರಿನವರೂ ಹಬ್ಬಕ್ಕೆ ಬಂದಾಗ ಇದನ್ನೇ ಹೇಳುತ್ತಾರೆ. ಇದರಲ್ಲಿ ಎಷ್ಟು ಸತ್ಯವಿದೆ?

ಮೊದಲು ಕಾನೂನಿನ ವಿಷಯ ಹೇಳಿಬಿಡುವುದು ಒಳಿತು. ಧರ್ಮಪುರ ಹೋಬಳಿಯ ಹೊಲ, ಕುರುಚಲು ಕಾಡುಗಳಲ್ಲಿ ಕಾಣಸಿಗುವ ಮೊಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಗೆ ಒಳಪಟ್ಟ ಪ್ರಾಣಿ. 1972ರ ಈ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಹಿಂದೆ ನಾಲ್ಕನೆಯ ಅನುಸೂಚಿಯಲ್ಲಿದ್ದ ಮೊಲ ಈಗ ಎರಡನೆಯದಕ್ಕೆ ಸೇರಿದೆ. ಕೃಷ್ಣಮೃಗ ಮತ್ತು ಚಿಂಕಾರಗಳು ಮೊದಲ ಅನುಸೂಚಿಯಲ್ಲಿವೆ. ನೆರೆಯ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಅರಣ್ಯವನ್ನು 2019ರಲ್ಲಿ ವನ್ಯಧಾಮವೆಂದು ಘೋಷಿಸಿದ್ದೇ ಚಿಂಕಾರಗಳ ಸಲುವಾಗಿ. ಮೊದಲ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸವಿದೆ. ಕೊಂದವರಷ್ಟೇ ಅಲ್ಲ, ಆ ಮಾಂಸವನ್ನು ಕೊಂಡು ಇಟ್ಟುಕೊಂಡವರೂ ತಪ್ಪಿತಸ್ಥರೇ.

ಆದ್ದರಿಂದ ನಮ್ಮ ಓದುಗರಿಗೆ ಕಾನೂನುಬದ್ಧವಾಗಿ ದೊರೆಯುವುದು ಸಾಕಿದ ಮೊಲ ಮಾತ್ರ. ಜಿಂಕೆ ಮಾಂಸ ವಿದೇಶ ಪ್ರವಾಸದಲ್ಲಿ ತಟ್ಟೆಗೆ ಬಂದೀತು. ನ್ಯೂಜಿಲೆಂಡಿನಂಥ ದೇಶಗಳಲ್ಲಿ ಜಿಂಕೆಯನ್ನು ಫಾರಂಗಳಲ್ಲಿ ಸಾಕುತ್ತಾರೆ. ಇಲ್ಲಿ ಅದಕ್ಕೆ ಅವಕಾಶವಿಲ್ಲ.

ಒಂದೇ ಹೆಸರು, ಎರಡು ಪ್ರಾಣಿ

ಗೊಂದಲಕ್ಕೆ ಒಂದು ಕಾರಣ ನಮ್ಮ ಭಾಷೆಯಲ್ಲೇ ಇದೆ. ಹೊಲದಲ್ಲಿ ಓಡುವುದನ್ನೂ ಗೂಡಿನಲ್ಲಿ ಸಾಕುವುದನ್ನೂ ನಾವು ಮೊಲವೆಂದೇ ಕರೆಯುತ್ತೇವೆ. ಜೀವಶಾಸ್ತ್ರದ ಪ್ರಕಾರ ಅವೆರಡೂ ಬೇರೆ ಕುಲದ ಪ್ರಾಣಿಗಳು. ನಮ್ಮ ಕಾಡು ಮೊಲ ಬಿಲ ತೋಡುವುದಿಲ್ಲ. ಬಯಲಲ್ಲೇ ಮರಿ ಹಾಕುತ್ತದೆ, ಅಪಾಯ ಕಂಡರೆ ದೂರ ಓಡುತ್ತದೆ. ಸಾಕು ಮೊಲ ಯುರೋಪಿನ ಬಿಲವಾಸಿ ಮೊಲದ ಸಂತತಿ. ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ ಮುಂತಾದವು ಮಾಂಸಕ್ಕಾಗಿ ಸಾಕುವ ತಳಿಗಳು.

ಈ ವ್ಯತ್ಯಾಸ ಮಾಂಸದ ಬಣ್ಣದಲ್ಲೇ ಗೊತ್ತಾಗುತ್ತದೆ. ಬಹಳ ಹೊತ್ತು ಓಡುವ ಪ್ರಾಣಿಯ ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಹೆಚ್ಚಿರುತ್ತದೆ. ಹೀಗಾಗಿ ಕಾಡು ಮೊಲದ ಮಾಂಸ ಕಡುಗೆಂಪು. ಗೂಡಿನಲ್ಲಿ ಬೆಳೆದ ಮೊಲದ್ದು ಕೋಳಿಯಂತೆ ತಿಳಿಗುಲಾಬಿ ಬಣ್ಣದ್ದು. ಕಬ್ಬಿಣದಂಶ ಅಧಿಕವಾಗಿರುವ ಕೆಂಪು ಮಾಂಸಕ್ಕೇ ‘ಕಾಡಿನ ರುಚಿ’ ಎಂದು ಜನ ಹೇಳುವ ಆ ಗಾಢ ರುಚಿ ಬರುತ್ತದೆ. ಜಿಂಕೆಯ ವಿಷಯದಲ್ಲೂ ಇದು ನಿಜ. ಸಾಕು ಮೊಲದ ರುಚಿ ಸೌಮ್ಯ. ಕಣ್ಣು ಮುಚ್ಚಿ ತಿಂದರೆ ಅನೇಕರು ಅದನ್ನು ಕೋಳಿಯೆಂದೇ ಭಾವಿಸಿಯಾರು.

ಮೇಕೆಯ ವಾಸನೆಯ ಮೂಲ ಬೇರೆಯೇ. ಅದು ಸ್ನಾಯುವಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕೊಬ್ಬಿನಲ್ಲಿ ಇರುತ್ತದೆ. ಬಲಿತ ಹೋತದ ಕೊಬ್ಬಿನಲ್ಲಿ ಸೇರಿಕೊಳ್ಳುವ ಕೆಲವು ಕೊಬ್ಬಿನಾಮ್ಲಗಳೇ ಆ ಘಾಟಿಗೆ ಕಾರಣ. ಮೇಲಿನ ಕೊಬ್ಬನ್ನು ಬಿಡಿಸಿ ತೆಗೆದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ.

ಲೆಕ್ಕ ಏನು ಹೇಳುತ್ತದೆ?

ಅಮೆರಿಕದ ಕೃಷಿ ಇಲಾಖೆಯ ಆಹಾರ ಸಂಯೋಜನಾ ಪಟ್ಟಿಯಂತೆ 100 ಗ್ರಾಂ ಹಸಿ ಕಾಡು ಮೊಲದ ಮಾಂಸದಲ್ಲಿ ಸುಮಾರು 2.3 ಗ್ರಾಂ ಕೊಬ್ಬಿದೆ. ಜಿಂಕೆಯದರಲ್ಲಿ 2.4 ಗ್ರಾಂ. ಇಷ್ಟಕ್ಕೇ ನಿಲ್ಲಿಸಿದರೆ ಊರಿನ ಮಾತು ನಿಜವೆನಿಸುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಮೇಕೆ ಮಾಂಸದ ಕೊಬ್ಬೂ 2.3 ಗ್ರಾಂ! ಚರ್ಮ ತೆಗೆದ ಕೋಳಿಯದ್ದು ಸುಮಾರು 3 ಗ್ರಾಂ. ಸಾಕಿದ ಮೊಲದ್ದು 5.5 ಗ್ರಾಂ, ಅಂದರೆ ಮೇಕೆಯ ಎರಡು ಪಟ್ಟಿಗಿಂತ ಹೆಚ್ಚು. ಪ್ರೋಟೀನು ಎಲ್ಲದರಲ್ಲೂ 20ರಿಂದ 23 ಗ್ರಾಂ ಒಳಗೇ ಇದೆ.

ಹಾಗಿದ್ದರೂ ಮೇಕೆ ಮಾಂಸಕ್ಕೆ ‘ಕೊಬ್ಬಿನ ಮಾಂಸ’ ಎಂಬ ಹೆಸರು ಬಂದದ್ದೇಕೆ? ಮೇಕೆ ತನ್ನ ಕೊಬ್ಬನ್ನು ಸ್ನಾಯುವಿನ ಎಳೆಗಳ ನಡುವೆ ಹೆಚ್ಚಾಗಿ ಕೂಡಿಡುವುದಿಲ್ಲ. ಹೊಟ್ಟೆಯೊಳಗೆ, ಮೂತ್ರಪಿಂಡದ ಸುತ್ತ ಬೇರೆಯಾಗಿಯೇ ಇಡುತ್ತದೆ. ಮೇಲಿನ ಅಂಕಿ ಆ ಚರ್ಬಿಯನ್ನು ಬಿಡಿಸಿದ ಬರೀ ಮಾಂಸದ್ದು. ಅಂಗಡಿಯಲ್ಲಿ ತೂಕಕ್ಕೆ ಚರ್ಬಿಯನ್ನೂ ಸೇರಿಸಿ ಕೊಟ್ಟಾಗ ಲೆಕ್ಕ ಬದಲಾಗುತ್ತದೆ. ಬಾಡಿನ ಅಂಗಡಿಯಲ್ಲಿ ನಿಂತು ತೊಡೆಯ ಭಾಗವನ್ನು ಕೇಳಿ, ಚರ್ಬಿಯನ್ನು ತೆಗೆಸಿದರೆ ಜಿಂಕೆಗೆ ಸಮನಾದ ಮಾಂಸವೇ ಕೈಗೆ ಬರುತ್ತದೆ.

ಇನ್ನು ಅಡುಗೆಮನೆಯ ಲೆಕ್ಕವನ್ನು ನೋಡೋಣ. ಮೂಳೆಯಿಲ್ಲದ ಅರ್ಧ ಕಿಲೋ ಮೇಕೆ ಮಾಂಸದಲ್ಲಿ ಸುಮಾರು 12 ಗ್ರಾಂ ಕೊಬ್ಬು. ಕಾಡು ಮೊಲದ್ದಾದರೂ ಅಷ್ಟೇ. ಸಾಕು ಮೊಲದ್ದಾದರೆ 28 ಗ್ರಾಂ. ಚರ್ಮಸಹಿತ ಕೋಳಿಯಾದರೆ 75 ಗ್ರಾಂ ಆದೀತು. ಒಗ್ಗರಣೆಗೆ ನಾಲ್ಕು ದೊಡ್ಡ ಚಮಚ ಶೇಂಗಾ ಎಣ್ಣೆ ಹಾಕಿದರೆ ಅದೊಂದರಿಂದಲೇ 56 ಗ್ರಾಂ ಸೇರುತ್ತದೆ, ತೆಂಗಿನಕಾಯಿಯದ್ದು ಬೇರೆ. ಕೊಬ್ಬು ಕಡಿಮೆಯಾಗಲಿ ಎಂದು ಮಾಂಸವನ್ನು ಬದಲಿಸುವವರು ಎಣ್ಣೆಯ ಸೌಟನ್ನು ಮರೆಯುತ್ತಾರೆ.

ಉರುಳಿಗೆ ಬಿದ್ದ ಮಾಂಸದ ದೋಷ

ಕಾಡಿನ ಮಾಂಸ ಶುದ್ಧವೆಂಬ ನಂಬಿಕೆಯನ್ನು ಇನ್ನಷ್ಟು ಪರೀಕ್ಷಿಸಬೇಕು. ಪ್ರಾಣಿ ಶಾಂತವಾಗಿದ್ದಾಗ ಅದರ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಸಕ್ಕರೆ ಸಂಗ್ರಹವಿರುತ್ತದೆ. ವಧೆಯಾದ ನಂತರ ಅದು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಟ್ಟು, ಮಾಂಸದ ಪಿಎಚ್ ಮಟ್ಟ ಸುಮಾರು 5.6ಕ್ಕೆ ಇಳಿಯುತ್ತದೆ. ಈ ಹುಳಿಯೇ ಸೂಕ್ಷ್ಮಾಣುಗಳ ಬೆಳವಣಿಗೆಗೆ ಮೊದಲ ತಡೆ. ನಾಯಿಗಳು ಅಟ್ಟಿಸಿಕೊಂಡು ಬಂದ ಅಥವಾ ಉರುಳಿನಲ್ಲಿ ರಾತ್ರಿಯಿಡೀ ಒದ್ದಾಡಿದ ಮೊಲದಲ್ಲಿ ಆ ಸಕ್ಕರೆ ಸಾಯುವ ಮೊದಲೇ ಖರ್ಚಾಗಿರುತ್ತದೆ. ಪಿಎಚ್ 6ಕ್ಕಿಂತ ಮೇಲೆಯೇ ಉಳಿಯುತ್ತದೆ. ಮಾಂಸ ಕಪ್ಪಾಗಿ, ಅಂಟಂಟಾಗಿ, ಬೇಗನೆ ಹಳಸುತ್ತದೆ. ಮಾರ್ಚಿನ ಬಿಸಿಲಲ್ಲಿ ಕೇಳುವುದೇ ಬೇಡ. ಅಲ್ಲಿ ರಕ್ತ ಬಸಿಯುವ, ಕರುಳನ್ನು ಒಡೆಯದಂತೆ ತೆಗೆಯುವ, ತಣ್ಣಗಿಡುವ ಯಾವ ವ್ಯವಸ್ಥೆಯೂ ಇರುವುದಿಲ್ಲ. ಪಶುವೈದ್ಯರ ಪರೀಕ್ಷೆಯಂತೂ ಇಲ್ಲವೇ ಇಲ್ಲ.

ನಾಡಬಂದೂಕಿನಿಂದ ಹೊಡೆದದ್ದಾದರೆ ಸೀಸದ ಭಯ. ಗುಂಡಿನ ಚೂರುಗಳು ಗಾಯದಿಂದ ಬಹುದೂರದ ಮಾಂಸದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಡಿರುತ್ತವೆ. ಬೇಯಿಸಿದರೆ ಸೀಸ ಹೋಗುವುದಿಲ್ಲ. ಹುಣಸೆಹಣ್ಣು, ಟೊಮೆಟೊ ಮುಂತಾದ ಹುಳಿ ಬಿದ್ದರೆ ಅದು ಇನ್ನಷ್ಟು ಕರಗಿ ಸಾರಿಗೆ ಇಳಿಯುತ್ತದೆ. ಮಕ್ಕಳಿಗೂ ಗರ್ಭಿಣಿಯರಿಗೂ ಇದು ವಿಶೇಷವಾಗಿ ಅಪಾಯಕಾರಿ.

ಎಲ್ಲಕ್ಕಿಂತ ಕೆಟ್ಟದ್ದು ಸತ್ತು ಬಿದ್ದ ಪ್ರಾಣಿಯನ್ನು ಎತ್ತಿ ತರುವುದು. ಅದು ಜಿಂಕೆಯಿರಲಿ, ಮಂದೆಯ ಕುರಿ ಮೇಕೆಯಿರಲಿ, ನಿಯಮ ಒಂದೇ. ದಿಢೀರನೆ ಸತ್ತ ಪ್ರಾಣಿಯ ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ಅದು ಆಂಥ್ರಾಕ್ಸ್ ಇರಬಹುದು. ಅಂಥದ್ದನ್ನು ಕೊಯ್ಯಲೇಬಾರದು. ಕೊಯ್ದರೆ ಸೂಕ್ಷ್ಮಾಣು ಗಾಳಿಗೆ ತೆರೆದುಕೊಂಡು ಬೀಜಕಗಳಾಗುತ್ತದೆ. ಅವು ಮಾಮೂಲಿ ಅಡುಗೆಯ ಕುದಿತವನ್ನು ತಾಳಿಕೊಳ್ಳಬಲ್ಲವು, ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲವು. ಆಂಧ್ರದ ವಿಶಾಖಪಟ್ಟಣ ಭಾಗದ ಗುಡ್ಡಗಾಡಿನಲ್ಲಿ ಸತ್ತ ಪ್ರಾಣಿಯನ್ನು ಕೊಯ್ದು ತಿಂದವರಿಗೆ ಚರ್ಮದ ಆಂಥ್ರಾಕ್ಸ್ ತಗುಲಿದ ಪ್ರಕರಣಗಳು ಹಲವು ಬಾರಿ ನಡೆದಿವೆ. ಇಂಥ ಸಾವು ಕಂಡರೆ ಪಶುವೈದ್ಯರಿಗೆ ತಿಳಿಸಿ, ಅವರು ಬರುವ ತನಕ ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು.

ಸಾಕು ಮೊಲವನ್ನು ಬೇಯಿಸುವ ಬಗೆ

ಫಾರಂ ಮೊಲವನ್ನು ಸಾಮಾನ್ಯವಾಗಿ 3 ತಿಂಗಳ ಹೊತ್ತಿಗೆ, ಎರಡು ಕಿಲೋ ಆಸುಪಾಸಿನ ತೂಕದಲ್ಲಿ ಕೊಯ್ಯುತ್ತಾರೆ. ಅದರಲ್ಲಿ ಅರ್ಧದಷ್ಟು, ಅಂದರೆ ಒಂದು ಕಿಲೋ ಮಾಂಸ ಸಿಗುತ್ತದೆ. ಕೊಳ್ಳುವಾಗ ಯಕೃತ್ತನ್ನು (ಲಿವರ್) ಗಮನಿಸಿ. ಅದು ನುಣುಪಾಗಿ, ಒಂದೇ ಬಣ್ಣದ್ದಾಗಿರಬೇಕು. ಮೇಲೆ ಬಿಳಿ ಗಂಟು ಅಥವಾ ಚುಕ್ಕೆಗಳಿದ್ದರೆ ಪ್ರಾಣಿಗೆ ಕಾಯಿಲೆಯಿತ್ತೆಂದು ಅರ್ಥ. ಬಹಳಷ್ಟು ಸಲ ಅದು ಮನುಷ್ಯರಿಗೆ ಹರಡದ ಕಾಕ್ಸಿಡಿಯಾ ರೋಗವೇ ಆಗಿದ್ದರೂ, ಮನೆಯಲ್ಲಿ ಅದನ್ನು ನಿರ್ಧರಿಸಲಾಗದು, ಹಿಂದಿರುಗಿಸುವುದೇ ಸರಿ.

ಮೊಲದ ಅಡುಗೆ ಕೆಡುವುದು ಹೆಚ್ಚಾಗಿ ಕುಕ್ಕರಿನಲ್ಲಿ. ಮಟನ್ನಿಗೆ ಕೂಗಿಸುವಂತೆ ಐದಾರು ಸೀಟಿ ಕೂಗಿಸಿದರೆ ಬೆನ್ನಿನ ಮಾಂಸ ಹತ್ತಿಯಂತೆ ಎಳೆಎಳೆಯಾಗಿ ಒಣಗುತ್ತದೆ. ಬೆನ್ನಿನ ಸ್ನಾಯುವಿನಲ್ಲಿ ಕೊಬ್ಬೂ ಇಲ್ಲ, ಬೆಂದು ಅಂಟಾಗುವ ಕೊಲಾಜನ್ ಕೂಡ ಕಡಿಮೆ. ಹೆಚ್ಚು ಬೇಯಿಸಿದಷ್ಟೂ ನೀರು ಹಿಂಡಿಹೋಗುತ್ತದೆ. ತೊಡೆ ಮತ್ತು ಮುಂಗಾಲುಗಳಲ್ಲಿ ಕೊಲಾಜನ್ ಹೆಚ್ಚಿರುವುದರಿಂದ ಅವಕ್ಕೆ ಸಮಯ ಬೇಕು. ಆದ್ದರಿಂದ ಎರಡನ್ನೂ ಬೇರೆ ಮಾಡಬೇಕು. ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯೊಡನೆ ಬಾಡಿಸಿದ ಕಾಲುಗಳನ್ನು ಮುಳುಗುವಷ್ಟು ನೀರಿನಲ್ಲಿ, ಮುಚ್ಚಳ ಹಾಕಿ, ಸಣ್ಣ ಉರಿಯಲ್ಲಿ 45 ನಿಮಿಷ ಬೇಯಿಸಿ. ಆಮೇಲೆ ಬೆನ್ನಿನ ತುಂಡುಗಳನ್ನೂ ಅರೆದ ಖಾರವನ್ನೂ ಸೇರಿಸಿ 15ರಿಂದ 20 ನಿಮಿಷ ಕುದಿಸಿದರೆ ಸಾಕು. ಮುದ್ದೆಗೆ ತಕ್ಕ ಸಾರಾಗುತ್ತದೆ. ಮೊಸರಿನಲ್ಲಿ ನೆನೆಸುವವರು ಫ್ರಿಜ್ಜಿನಲ್ಲೇ ನೆನೆಸಬೇಕು, ಹೊರಗಿಟ್ಟು ಅಲ್ಲ.

ಬೆಂದಿದೆಯೇ ಎಂದು ತಿಳಿಯಲು ಬಣ್ಣವನ್ನು ನಂಬಬಾರದು. ಅಡುಗೆಯ ಥರ್ಮಾಮೀಟರ್ ಇದ್ದರೆ ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ ನೋಡಿ: ಮೊಲಕ್ಕೆ 71 ಡಿಗ್ರಿ ಸೆಲ್ಸಿಯಸ್, ಕೋಳಿಗೆ 74 ಡಿಗ್ರಿ ತಲುಪಿರಬೇಕು. ಮೇಕೆಯ ಇಡೀ ತುಂಡಿಗೆ 63 ಡಿಗ್ರಿ ಸಾಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದಾದರೂ, ಇಳಿಸಿದ ಮೇಲೆ 3 ನಿಮಿಷ ಬಿಡಬೇಕು. ಕೈಮಾ ಮಾಡಿದ್ದಾದರೆ 71 ಡಿಗ್ರಿ ಬೇಕು. ಒಂದು ತಾಸು ಕುದಿಯುವ ನಮ್ಮ ಸಾರುಗಳಿಗೆ ಈ ಚಿಂತೆಯಿಲ್ಲ. ಚಿಂತೆ ಇರುವುದು ಕೆಂಡದ ಮೇಲೆ ಸುಡುವವರಿಗೆ. ಹೊರಗೆ ಕರಿಕಾಗಿ ಒಳಗೆ ಹಸಿಯಾಗಿ ಉಳಿದ ಮಾಂಸದಲ್ಲಿ ಸಾಲ್ಮೊನೆಲ್ಲಾ, ಟಾಕ್ಸೊಪ್ಲಾಸ್ಮಾ ಮುಂತಾದವು ಜೀವಂತ ಉಳಿಯಬಲ್ಲವು.

ಅಂದಹಾಗೆ, ಬೆಂದ ಮೇಲೆ ಯಾವ ಪ್ರಾಣಿಯೆಂದು ಗೊತ್ತಾಗದು ಎಂಬ ಧೈರ್ಯವೂ ಹುಸಿ. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಮಾಂಸದ ತುಣುಕಿನ ಡಿಎನ್‌ಎ ಪರೀಕ್ಷಿಸಿ ಪ್ರಾಣಿಯ ಜಾತಿಯನ್ನು ಗುರುತಿಸುತ್ತಾರೆ. ಸಾರಿನಲ್ಲಿ ಬೆಂದ ತುಂಡಿನಿಂದಲೂ ಅದು ಸಾಧ್ಯ.