ಕೊಳೆರೋಗದ ಅರ್ಜಿಗೆ ಹತ್ತು ನಿಮಿಷ

ಸಂಶೋಧನೆಗೆ ಹಣ ಕೇಳಿ ಸರ್ಕಾರದ ವಿಜ್ಞಾನ ಸಂಸ್ಥೆಗಳಿಗೆ ಅರ್ಜಿ ಹಾಕಿದವರಿಗೆ ಹಲವು ಯೋಜನೆಗಳಲ್ಲಿ ಒಂದು ಪತ್ರ ಬರುತ್ತದೆ: ಇಂಥ ದಿನ ತಜ್ಞರ ಸಮಿತಿಯ ಮುಂದೆ ಹಾಜರಾಗಿ, ಹತ್ತು ನಿಮಿಷದಲ್ಲಿ ನಿಮ್ಮ ಪ್ರಸ್ತಾವನೆ ಮಂಡಿಸಿ, ಬಳಿಕ ಪ್ರಶ್ನೋತ್ತರ. ಅರ್ಜಿಯೋ ನಲವತ್ತು ಪುಟದ್ದು. ಪತ್ರ ಕೈಗೆ ಬಂದ ಕೂಡಲೇ ಹೆಚ್ಚಿನವರು ಆ ನಲವತ್ತು ಪುಟವನ್ನು ಇಪ್ಪತ್ತೈದು ಸ್ಲೈಡಿಗೆ ಇಳಿಸಲು ಕೂರುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ.

ಮೇಜಿನ ಆಚೆ ಕೂತವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ಸಸ್ಯವಿಜ್ಞಾನದ ಸಮಿತಿಯೆಂದರೆ ಎಲ್ಲರೂ ನಿಮ್ಮ ವಿಷಯದವರೇ ಆಗಿರುವುದಿಲ್ಲ. ಒಬ್ಬರು ತಳಿಶಾಸ್ತ್ರದವರು, ಒಬ್ಬರು ಮಣ್ಣಿನವರು, ಮತ್ತೊಬ್ಬರು ಜೀವರಸಾಯನದವರು. ನಿಮ್ಮ ಅರ್ಜಿಯನ್ನು ಒಬ್ಬಿಬ್ಬರು ಪೂರ್ತಿ ಓದಿರುತ್ತಾರೆ, ಉಳಿದವರು ನಿಮ್ಮ ಬಾಯಿಂದಲೇ ಮೊದಲ ಸಲ ಕೇಳುತ್ತಾರೆ. ಆದರೆ ತೀರ್ಮಾನ ಹೇಳುವಾಗ ಎಲ್ಲರ ಮಾತಿಗೂ ತೂಕವಿದೆ. ಓದಿದವರಿಗೆ ಓದಿದ್ದನ್ನೇ ಹೇಳಿದರೆ ಬೇಸರ, ಓದದವರಿಗೆ ಎಲ್ಲವನ್ನೂ ಹೇಳಿದರೆ ಗೊಂದಲ. ಇಬ್ಬರಿಗೂ ಬೇಕಾದದ್ದು ಒಂದೇ: ಈ ಮನುಷ್ಯ ಕೇಳುತ್ತಿರುವ ಪ್ರಶ್ನೆ ಏನು, ಉತ್ತರ ಸಿಗುವ ದಾರಿ ಇದೆಯೇ, ಇವರ ಕೈಲಿ ಆಗುತ್ತದೆಯೇ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡಿನ ಸರ್ಕಾರಿ ಕಾಲೇಜಿನ ಸಸ್ಯಶಾಸ್ತ್ರದ ಉಪನ್ಯಾಸಕಿಯೊಬ್ಬರು ಅಡಿಕೆಯ ಕೊಳೆರೋಗದ ಮೇಲೆ ಮೂರು ವರ್ಷದ ಯೋಜನೆ ಬರೆದಿದ್ದಾರೆ ಅನ್ನಿ. ಫೈಟಾಫ್ತೊರ ಎಂಬ ಸೂಕ್ಷ್ಮಜೀವಿಯಿಂದ ಬರುವ ರೋಗವಿದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ಇದರ ಬಗ್ಗೆ ವರದಿ ಬರೆದಿದ್ದರು. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಶೇಕಡಾ ಒಂದರ ಬೋರ್ಡೋ ದ್ರಾವಣ ಹೊಡೆಯುವುದು ರೂಢಿ. ಎರಡನೆಯ ಸಿಂಪರಣೆಯನ್ನು ದಿನ ಎಣಿಸಿ ಹೊಡೆಯುವ ಬದಲು ಗೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂದು ಅಳೆದು ಹೊಡೆಯಬಹುದೇ ಎಂಬುದು ಇವರ ಪ್ರಶ್ನೆ.

ಇವರು ಮೊದಲು ಮಾಡಿದ ಸ್ಲೈಡುಗಳಲ್ಲಿ ಅಡಿಕೆಯ ಇತಿಹಾಸ, ಭಾರತದ ಉತ್ಪಾದನೆ, ರೋಗಾಣುವಿನ ವರ್ಗೀಕರಣ, ಹಿಂದಿನ ಸಂಶೋಧನೆಗಳ ಪಟ್ಟಿ, ಆಮೇಲೆ ಆರು ಉದ್ದೇಶಗಳು ಇದ್ದವು. ಬಾಯಿಬಿಟ್ಟು ಹೇಳಿ ನೋಡಿದರೆ ಉದ್ದೇಶಗಳಿಗೆ ಬರುವಷ್ಟರಲ್ಲಿ ಐದು ನಿಮಿಷ ಮುಗಿಯುತ್ತದೆ. ಎಂಟನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸಿದಾಗ ಪ್ರಯೋಗದ ವಿಧಾನ ಅರ್ಧಕ್ಕೆ ನಿಂತಿರುತ್ತದೆ. ಆಮೇಲೆ ಸ್ಲೈಡುಗಳು ಓಡುತ್ತವೆ, ಬಜೆಟ್ ಕಣ್ಣಿಗೆ ಬೀಳುವುದೇ ಇಲ್ಲ.

ತಿದ್ದಿದ ಮೇಲೆ ಮೊದಲ ಒಂದೂವರೆ ನಿಮಿಷ ಹೀಗಿರುತ್ತದೆ: ಕೊಳೆತು ಉದುರಿದ ಕಾಯಿಯ ಒಂದು ಚಿತ್ರ. ರೋಗಾಣುವಿನ ಬೀಜಕಣಗಳು ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ಒಳಹೊಗುತ್ತವೆ, ಆದ್ದರಿಂದ ಎಷ್ಟು ಮಿಲಿಮೀಟರ್ ಮಳೆ ಬಿತ್ತು ಎನ್ನುವುದಕ್ಕಿಂತ ಕಾಯಿ ಎಷ್ಟು ಗಂಟೆ ಒದ್ದೆಯಾಗಿತ್ತು ಎನ್ನುವುದು ಮುಖ್ಯವಿರಬಹುದು. ಅದನ್ನು ಗೊನೆಯ ಪಕ್ಕದಲ್ಲೇ ಅಳೆದು ನೋಡುತ್ತೇನೆ. ಇಷ್ಟು ಹೇಳಿದರೆ ಮಣ್ಣಿನ ತಜ್ಞರಿಗೂ ವಿಷಯ ಹಿಡಿಯಿತು.

ಹವಾಮಾನಕ್ಕೂ ಕೊಳೆರೋಗಕ್ಕೂ ಇರುವ ನಂಟಿನ ಮೇಲೆ ಹಿಂದೆಯೂ ಕೆಲಸ ನಡೆದಿದೆ. ಅದನ್ನು ಒಂದೇ ಸ್ಲೈಡಿನಲ್ಲಿ ಒಪ್ಪಿಕೊಂಡು, ತನ್ನದು ಎಲ್ಲಿ ಬೇರೆಯಾಗುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಬೇಕು. ಇದನ್ನು ಬಿಟ್ಟರೆ, ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಇರುವಾಗ ನೀವೇಕೆ ಎಂಬ ಪ್ರಶ್ನೆ ಖಂಡಿತ ಬರುತ್ತದೆ.

ಅತಿ ಹೆಚ್ಚು ಕೆಲಸ ಮಾಡುವ ಸ್ಲೈಡು ಇದರ ಮುಂದಿನದು. ಕಳೆದ ಮಳೆಗಾಲದಲ್ಲಿ ಒಂದು ತೋಟದಲ್ಲಿ ಎರಡು ಸೆನ್ಸರ್ ಇಟ್ಟು, ಒಂದನ್ನು ಗೊನೆಯ ಹತ್ತಿರ ಕಟ್ಟಿ, ಇನ್ನೊಂದನ್ನು ಅಂಗಳದಲ್ಲಿ ನೆಟ್ಟು, ಇಪ್ಪತ್ತು ಮರದ ಬುಡದಲ್ಲಿ ಉದುರಿದ ಕಾಯಿಗಳನ್ನು ವಾರಕ್ಕೊಮ್ಮೆ ಎಣಿಸಿದ್ದಾರೆ. ಅಂಗಳದ ಸೆನ್ಸರ್ ಒಣಗಿದ ಮೇಲೂ ಗೊನೆಯದು ಗಂಟೆಗಟ್ಟಲೆ ಒದ್ದೆಯಾಗಿತ್ತು ಎಂದು ತೋರಿಸುವ ಎರಡು ಗೆರೆಗಳ ಒಂದು ನಕ್ಷೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಹಾಗೆಂದು ಅವರೇ ಹೇಳಬೇಕು. ಆದರೆ ಮಳೆಯಲ್ಲಿ ಉಪಕರಣ ಕೆಡದಂತೆ ನಡೆಸಬಲ್ಲರು, ತೋಟದವರು ಒಳಗೆ ಬಿಡುತ್ತಾರೆ, ಲೆಕ್ಕ ತಪ್ಪದೆ ಇಡುತ್ತಾರೆ ಎಂಬುದು ಆ ನಕ್ಷೆಯಿಂದಲೇ ಗೊತ್ತಾಗುತ್ತದೆ. ಎರಡು ನಿಮಿಷ ಇದಕ್ಕೆ ಕೊಟ್ಟರೆ ದುಬಾರಿಯಲ್ಲ.

ಆರು ಉದ್ದೇಶಗಳು ಎರಡಕ್ಕೆ ಇಳಿಯಬೇಕು, ಅದೂ ಒಂದು ಬಿದ್ದರೆ ಇನ್ನೊಂದು ನಿಲ್ಲುವಂತೆ. ಒಂದು, ಪ್ರಯೋಗಾಲಯದಲ್ಲಿ ಕಿತ್ತ ಕಾಯಿಗಳಿಗೆ ರೋಗಾಣು ಸೋಕಿಸಿ, 4, 8, 16, 24, 48 ಗಂಟೆ ಒದ್ದೆಯಾಗಿಟ್ಟು, ಎಷ್ಟು ಹೊತ್ತಿಗೆ ಕೊಳೆ ಹಿಡಿಯುತ್ತದೆ ಎಂದು ನೋಡುವುದು. ಇನ್ನೊಂದು, ಮೂರು ಬೇರೆ ಬೇರೆ ಮಳೆಯ ಊರುಗಳ ತೋಟಗಳಲ್ಲಿ ಅದೇ ಅಳತೆ. ಒಂದು ವರ್ಷ ಮಳೆ ಕೈಕೊಟ್ಟು ತೋಟದಲ್ಲಿ ರೋಗವೇ ಬರದಿದ್ದರೂ ಮೊದಲನೆಯದು ನಡೆಯುತ್ತದೆ. ಈ ಮಾತನ್ನು ಸಮಿತಿ ಕೇಳುವ ಮುನ್ನ ತಾವೇ ಹೇಳುವುದು ಒಳ್ಳೆಯದು.

ಬಜೆಟ್ಟನ್ನು ಕೊನೆಗೆ ತಳ್ಳುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ. ಸಮಿತಿಯ ಪೆನ್ನು ಓಡುವುದೇ ಅಲ್ಲಿ. 2023ರ ದರದಂತೆ ಜೆಆರ್‌ಎಫ್‌ಗೆ ಮೊದಲೆರಡು ವರ್ಷ ತಿಂಗಳಿಗೆ 37,000, ಮೂರನೆಯ ವರ್ಷ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬಿಟ್ಟೇ ಮೂರು ವರ್ಷಕ್ಕೆ 13,92,000 ಆಯಿತು. 28 ಲಕ್ಷದ ಯೋಜನೆಯಲ್ಲಿ ಅರ್ಧ ಹಣ ಒಬ್ಬ ಮನುಷ್ಯನಿಗೆ ಹೋಗುತ್ತದೆ, ಆದ್ದರಿಂದ ಆತ ತೋಟದಲ್ಲಿ ಏನು ಮಾಡುತ್ತಾನೆ, ಪ್ರಯೋಗಾಲಯದಲ್ಲಿ ಏನು ಮಾಡುತ್ತಾನೆ ಎಂದು ಹೇಳಲೇಬೇಕು. ಪಟ್ಟಿಯಲ್ಲಿ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಇದ್ದರೆ ಮೊದಲ ಗೀಟು ಅದರ ಮೇಲೆಯೇ. ಬೀಜಕಣ ಎಣಿಸಲು ಕಾಲೇಜಿನ ಸಾದಾ ಸೂಕ್ಷ್ಮದರ್ಶಕ ಸಾಕು. ಬೇಕೇ ಬೇಕಾದರೆ ಐ-ಸ್ಟೆಮ್ ಜಾಲತಾಣದಲ್ಲಿ ಹತ್ತಿರದ ಯಾವ ಸಂಸ್ಥೆಯಲ್ಲಿದೆ ಎಂದು ಹುಡುಕಿ, ಬಳಕೆಯ ಶುಲ್ಕವನ್ನಷ್ಟೇ ಕೇಳಬಹುದು.

ಮಾತು ಒಂಬತ್ತು ನಿಮಿಷಕ್ಕೆ ಮುಗಿಯುವಂತಿರಲಿ. ಆಮೇಲಿನ ಪ್ರಶ್ನೋತ್ತರದಲ್ಲೇ ತೀರ್ಮಾನ ಗಟ್ಟಿಯಾಗುವುದು. ಕೃಷಿಯಿಂದ ಬಂದ ಸದಸ್ಯರು ಕೇಳುತ್ತಾರೆ: “ಮೇಡಂ, ಗೊನೆ ಒದ್ದೆ ಇರುವಾಗ ಔಷಧಿ ಹೊಡೆಯೋಕೆ ಆಗಲ್ಲ. ನಿಮ್ಮ ಸೆನ್ಸರ್ ಹೇಳಿ ಏನು ಪ್ರಯೋಜನ?”

ಪಕ್ಕಾ ಪ್ರಶ್ನೆ. ಒಳ್ಳೆಯ ಉತ್ತರ ಚಿಕ್ಕದಾಗಿರುತ್ತದೆ: “ನಿಜ ಸರ್. ಮೊದಲ ಸಿಂಪರಣೆಯನ್ನು ನಾವು ಮುಟ್ಟುವುದಿಲ್ಲ. ಒದ್ದೆಯ ಗಂಟೆಗಳು ಮಿತಿಯ ಹತ್ತಿರ ಬಂದಾಗ, ಮಳೆಯ ಮುನ್ಸೂಚನೆ ನೋಡಿ ಮುಂದಿನ ಬಿಡುವಿಗೆ ಕೊನೆಗೌಡರನ್ನು ಗೊತ್ತುಮಾಡಿಕೊಳ್ಳಿ ಎಂದು ಹೇಳಬಹುದು. ಬಿಡುವೇ ಸಿಗದ ವರ್ಷ ಇದು ಉಪಯೋಗಕ್ಕೆ ಬರುವುದಿಲ್ಲ.” ಆ ಕೊನೆಯ ವಾಕ್ಯಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಮಿತಿ ಗೊತ್ತಿದೆ ಎಂದಾಗ ಕೇಳಿದವರು ಸಮಾಧಾನದಿಂದ ಹಿಂದಕ್ಕೆ ಒರಗುತ್ತಾರೆ. ಇದೇ ಪ್ರಶ್ನೆಗೆ ಮೂರು ನಿಮಿಷ ಸುತ್ತಿಬಳಸಿ ಮಾತಾಡಿದರೆ ಉಳಿದವರ ಪ್ರಶ್ನೆಗೆ ಹೊತ್ತು ಉಳಿಯುವುದಿಲ್ಲ. ಸಮಿತಿಗೆ ಬಗೆಹರಿಯದೆ ಉಳಿದ ಅನುಮಾನ ಅರ್ಜಿಗೆ ವಿರುದ್ಧವಾಗಿಯೇ ನಿಲ್ಲುತ್ತದೆ.

ನಮ್ಮ ಪದವಿ ಕಾಲೇಜುಗಳಿಂದ ಹೋಗುವ ಉಪನ್ಯಾಸಕರು ಸೋಲುವುದು ಬಹಳ ಸಲ ವಿಜ್ಞಾನದಲ್ಲಲ್ಲ, ಅಭ್ಯಾಸದಲ್ಲಿ. ದೊಡ್ಡ ಸಂಸ್ಥೆಗಳಲ್ಲಿ ಸಹೋದ್ಯೋಗಿಗಳು ಕೂತು ಮುಂಚೆಯೇ ಜಾಲಾಡುತ್ತಾರೆ, ಇಲ್ಲಿ ಆ ಪದ್ಧತಿ ಇಲ್ಲ. ಪ್ರಾಂಶುಪಾಲರಲ್ಲಿ ನನ್ನದೊಂದು ವಿನಂತಿ: ನಿಮ್ಮ ಕಾಲೇಜಿನ ಯಾರಿಗಾದರೂ ಇಂಥ ಪತ್ರ ಬಂದರೆ, ಹೊರಡುವ ವಾರದ ಮೊದಲು ಸ್ಟಾಫ್ ರೂಮಿನಲ್ಲಿ ಇತಿಹಾಸ, ವಾಣಿಜ್ಯ, ರಸಾಯನಶಾಸ್ತ್ರದ ಮೇಷ್ಟ್ರುಗಳನ್ನು ಕೂರಿಸಿ, ಗಡಿಯಾರ ಇಟ್ಟು ಹತ್ತು ನಿಮಿಷ ಮಾತಾಡಿಸಿ. ಮುಗಿದ ಮೇಲೆ ಇತಿಹಾಸದ ಮೇಷ್ಟ್ರು ಆ ಪ್ರಶ್ನೆಯನ್ನು ತಮ್ಮ ಮಾತಿನಲ್ಲಿ ಹೇಳಲಿ. ಅವರಿಗೆ ಆಗದಿದ್ದರೆ ಸ್ಲೈಡುಗಳನ್ನು ಮತ್ತೆ ಮಾಡಿಸಿ.